ವಿಷಯ: ಮತದಾರರ ಪಟ್ಟಿಗೆ ಹೆಸರು ಸೇರಿಸುವ ಬಗ್ಗೆ

ನಮ್ಮ ರೂಮಿನಲ್ಲಿ ನಾವು ನಾಲ್ಕು ಜನ. ಒಬ್ಬ ಬೀದರಿನವನು, ಒಬ್ಬ ಸಿರ್ಸಿಯವನು, ಒಬ್ಬ ಕೊಳ್ಳೇಗಾಲದವನು, ಇನ್ನೊಬ್ಬ ಮಂಜೇಶ್ವರದವನು, ಅಂದರೆ ಕೇರಳದ ಕನ್ನಡಿಗ. ಎಲ್ಲರಿಗೂ 18 ತುಂಬಿದೆ. ಯಾರೂ ಇಲ್ಲಿಯವರೆಗೆ ವೋಟು ಹಾಕಿಲ್ಲ. ಈ ಆಗಸ್ಟ್ ತಿಂಗಳಲ್ಲಿ ಒಂದು ಭಾನುವಾರ ಕೂತು voters.eci.gov.in ತೆರೆದು ಫಾರಂ ತುಂಬೋಕೆ ಶುರು ಮಾಡಿದೆವು. ಫಾರಂ 6 ಅಂತ ಅದರ ಹೆಸರು, ಕನ್ನಡದಲ್ಲಿ ನಮೂನೆ-6. ಮೊದಲ ಸಲ ಹೆಸರು ಸೇರಿಸೋರಿಗೆ ಅದೇ. ಅದು ಶುರುವಿನಲ್ಲೇ ಕೇಳೋದು ರಾಜ್ಯ ಯಾವುದು, ಜಿಲ್ಲೆ ಯಾವುದು, ವಿಧಾನಸಭಾ ಕ್ಷೇತ್ರ ಯಾವುದು ಅಂತ. ನಮ್ಮ ಪ್ರಯಾಣ ಅಲ್ಲಿಗೇ ನಿಂತಿತು.

ಮನೆ ಇರೋದು ಒಂದು ಕ್ಷೇತ್ರದಲ್ಲಿ, ಹಾಸ್ಟೆಲ್ ಇರೋದು ಇನ್ನೊಂದರಲ್ಲಿ. ವರ್ಷದಲ್ಲಿ ಹತ್ತು ತಿಂಗಳು ಮಲಗೋದು ಇಲ್ಲಿ. ಆಧಾರ್ ಕಾರ್ಡಿನಲ್ಲಿ ಇರೋದು ಅಲ್ಲಿನ ವಿಳಾಸ. ಹಾಗಾದರೆ ನಾವು ಎಲ್ಲಿಯವರು?

ಸಹಾಯವಾಣಿ 1950ಕ್ಕೆ ಫೋನ್ ಮಾಡಬಹುದಿತ್ತು. ಆದರೆ ನಮಗೆ ಬೇಕಾಗಿದ್ದು ಕೈಯಲ್ಲಿ ಹಿಡಿದು ತೋರಿಸೋಕೆ ಬರುವ ಒಂದು ಉತ್ತರ. ಹಾಸ್ಟೆಲ್ ವಿಳಾಸಕ್ಕೆ ಹೆಸರು ಸೇರಿಸಬೇಕಾದರೆ ಕಾಲೇಜಿನಿಂದ ಒಂದು ಪತ್ರ ಬೇಕಾಗುತ್ತೆ ಅಂತ ಸೀನಿಯರ್‌ಗಳು ಹೇಳಿದ್ದರು. ಕಾಲೇಜು ಆಫೀಸಿನಲ್ಲಿ 'ಫೋನಲ್ಲಿ ಹೇಳಿದ್ರು ಸರ್' ಅಂದರೆ ಯಾರು ಸಹಿ ಹಾಕ್ತಾರೆ? ಆದ್ದರಿಂದ ಕಾಗದ ಬರೆಯೋದು ಅಂತ ಆಯ್ತು. ಅದೂ ಕನ್ನಡದಲ್ಲೇ ಬರೆಯೋದು.

ಯಾರಿಗೆ ಬರೆಯೋದು ಅನ್ನೋದೇ ಮೊದಲ ಕೆಲಸ. ಮತದಾರರ ಪಟ್ಟಿಗೆ ಜವಾಬ್ದಾರರು ಒಂದೊಂದು ವಿಧಾನಸಭಾ ಕ್ಷೇತ್ರಕ್ಕೆ ಒಬ್ಬರಂತೆ ಇರುವ ಮತದಾರರ ನೋಂದಣಿ ಅಧಿಕಾರಿ. ಅವರ ಕೆಳಗೆ ಸಹಾಯಕ ನೋಂದಣಿ ಅಧಿಕಾರಿ. ಸಾಮಾನ್ಯವಾಗಿ ತಹಶೀಲ್ದಾರರೇ ಆಗಿರ್ತಾರೆ. ತಾಲ್ಲೂಕು ಕಚೇರಿಯ ಚುನಾವಣಾ ಶಾಖೆಯಲ್ಲಿ ಕೂತು ಕೆಲಸ ಮಾಡೋರು ಅವರ ಸಿಬ್ಬಂದಿ. ಆದರೆ ತಾಲ್ಲೂಕಿನ ಗಡಿಯೂ ಕ್ಷೇತ್ರದ ಗಡಿಯೂ ಒಂದೇ ಆಗಿರಬೇಕು ಅಂತೇನಿಲ್ಲ. ನಮ್ಮ ಕಾಲೇಜು ಊರಿನಿಂದ ಆರು ಕಿಲೋಮೀಟರ್ ಆಚೆ, ಗ್ರಾಮ ಪಂಚಾಯತಿ ವ್ಯಾಪ್ತಿಯಲ್ಲಿದೆ. ಅಡ್ರೆಸ್‌ನಲ್ಲಿ ಊರಿನ ಹೆಸರು ಇದ್ದರೂ ಕ್ಷೇತ್ರ ಊರಿನದ್ದೇ ಅಂತ ಗ್ಯಾರಂಟಿ ಇಲ್ಲ.

ಇದನ್ನು ಬಿಡಿಸಿದ್ದು ನಮ್ಮ ಮೆಸ್ಸಿನ ಅಕ್ಕ. ಅವರ ಮನೆ ಹಾಸ್ಟೆಲ್ ಹಿಂದಿನ ಬೀದಿಯಲ್ಲೇ. "ಅಕ್ಕಾ, ನಿಮ್ಮ ವೋಟರ್ ಕಾರ್ಡ್ ಸ್ವಲ್ಪ ತೋರಿಸ್ತೀರಾ?" ಅಂದಾಗ "ಯಾಕ್ರಪ್ಪಾ, ನನ್ ಫೋಟೋ ನೋಡಿ ನಗಕ್ಕಾ?" ಅಂತ ಕೇಳಿ ತಂದುಕೊಟ್ಟರು. ಕಾರ್ಡಿನ ಹಿಂಭಾಗದಲ್ಲಿ ವಿಧಾನಸಭಾ ಕ್ಷೇತ್ರದ ಸಂಖ್ಯೆ ಮತ್ತು ಹೆಸರು, ಅದರ ಕೆಳಗೆ ಭಾಗದ ಸಂಖ್ಯೆ ಮತ್ತು ಹೆಸರು ಇರುತ್ತೆ. ಭಾಗ ಅಂದರೆ ಒಂದು ಮತಗಟ್ಟೆಗೆ ಸೇರಿದ ಮತದಾರರ ಪಟ್ಟಿ. ಅಕ್ಕನ ಕಾರ್ಡ್ ಪ್ರಕಾರ ನಾವಿರೋದು ಪಕ್ಕದ ಕ್ಷೇತ್ರದಲ್ಲಿ. ಪಕ್ಕದ ಮನೆಯ ಒಂದು ಕಾರ್ಡ್ ನೋಡಿದರೆ ಯಾವ ಕಚೇರಿ, ಯಾವ ಮತಗಟ್ಟೆ ಎರಡೂ ಗೊತ್ತಾಗುತ್ತೆ. ಹಾಸ್ಟೆಲ್‌ನಲ್ಲಿರೋ ಎಲ್ಲರಿಗೂ ಇದು ಉಪಯೋಗಕ್ಕೆ ಬರೋ ವಿಷಯ.

ಆಮೇಲೆ ಕಾಗದ. ನಾವೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಓದಿದ್ದು ಒಂದು ಸಬ್ಜೆಕ್ಟಾಗಿ, ಮಂಜೇಶ್ವರದವನಿಗೆ ಮಾತ್ರ ಐದನೇ ಕ್ಲಾಸಿನ ತನಕ ಕನ್ನಡ ಶಾಲೆ. 'ಇಂದ', 'ಗೆ', 'ವಿಷಯ', 'ಮಾನ್ಯರೇ' ತನಕ ಪರೀಕ್ಷೆಗೆ ಬಾಯಿಪಾಠ ಮಾಡಿದ್ದು ನೆನಪಿತ್ತು. ಅದರ ಮುಂದೆ ಕಾನೂನಿನ ಕನ್ನಡ ಬೇಕಾಯ್ತು. ಉದಾಹರಣೆಗೆ 'ಸಾಮಾನ್ಯ ನಿವಾಸಿ' ಅನ್ನೋ ಮಾತು. ಸಾಮಾನ್ಯ ಅಂದರೆ ಜನಸಾಮಾನ್ಯ ಅಲ್ಲ, ಸಾಮಾನ್ಯವಾಗಿ ವಾಸ ಮಾಡುವವನು ಅಂತ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಪಟ್ಟಿಗೆ ಸೇರಬೇಕಾದರೆ ಎರಡು ಷರತ್ತು: ಅರ್ಹತಾ ದಿನಾಂಕಕ್ಕೆ 18 ತುಂಬಿರಬೇಕು, ಆ ಕ್ಷೇತ್ರದ ಸಾಮಾನ್ಯ ನಿವಾಸಿ ಆಗಿರಬೇಕು. ನಮ್ಮ ನಾಲ್ವರ ಪ್ರಶ್ನೆಗಳೆಲ್ಲ ಈ ಎರಡು ಪದಗಳ ಒಳಗೇ ಇದ್ದವು.

ಮೊದಲು ಸುಮ್ಮನೆ 'ಹೆಸರು ಸೇರಿಸುವುದು ಹೇಗೆಂದು ತಿಳಿಸಬೇಕಾಗಿ ವಿನಂತಿ' ಅಂತ ಒಂದೇ ಸಾಲು ಬರೆದರೆ ಸಾಕಲ್ವಾ ಅಂತ ಕೊಳ್ಳೇಗಾಲದವನ ವಾದ. ಹಾಗೆ ಬರೆದರೆ 'ನಮೂನೆ-6 ಸಲ್ಲಿಸುವುದು' ಅಂತ ಅವರದ್ದೂ ಒಂದೇ ಸಾಲಿನ ಉತ್ತರ ಬರುತ್ತೆ, ಅದು ನಮಗೆ ಆಗಲೇ ಗೊತ್ತು ಅಂತ ಸಿರ್ಸಿಯವನು. ಕೊನೆಗೆ ನಾಲ್ಕು ಜನರ ನಾಲ್ಕು ಸ್ಥಿತಿ ಬಿಡಿಸಿ ಬರೆದೆವು. ಕಾಗದದ ಮುಖ್ಯ ಭಾಗ ಹೀಗಿತ್ತು:

"ಮಾನ್ಯರೇ,

ನಾವು ನಾಲ್ವರು ನಿಮ್ಮ ಕ್ಷೇತ್ರದ ವ್ಯಾಪ್ತಿಗೆ ಬರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷದ ಕೋರ್ಸಿನ ಎರಡನೇ ವರ್ಷದಲ್ಲಿ ಓದುತ್ತಿದ್ದು, ಒಂದು ವರ್ಷದಿಂದ ಕಾಲೇಜಿನ ಹಾಸ್ಟೆಲಿನಲ್ಲಿ ವಾಸವಾಗಿದ್ದೇವೆ. ನಾವು ಇದುವರೆಗೆ ಮತ ಚಲಾಯಿಸಿಲ್ಲ. ಕೆಳಗಿನ ವಿಷಯಗಳನ್ನು ದಯವಿಟ್ಟು ತಿಳಿಸಿಕೊಡಬೇಕು.

ನಮ್ಮಲ್ಲಿ ಒಬ್ಬನ ಮನೆ ಉತ್ತರ ಕನ್ನಡ ಜಿಲ್ಲೆಯಲ್ಲಿದೆ. ಅವನ ಹೆಸರು ಎಲ್ಲಿಯೂ ಪಟ್ಟಿಯಲ್ಲಿಲ್ಲ. ಹಾಸ್ಟೆಲ್ ವಿಳಾಸದಲ್ಲಿ ಸೇರಿಸಬಹುದೇ? ಅವನ ಆಧಾರ್‌ನಲ್ಲಿ ಊರಿನ ವಿಳಾಸ ಇದೆ. ಹಾಸ್ಟೆಲಿಗೆ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು ನಮ್ಮ ಹೆಸರಿನಲ್ಲಿ ಇರುವುದಿಲ್ಲ. ಬದಲಿಗೆ ಯಾವ ದಾಖಲೆ ಕೊಡಬೇಕು?

ಇನ್ನೊಬ್ಬನ ಹೆಸರು ಬೀದರ್ ಜಿಲ್ಲೆಯ ಪಟ್ಟಿಯಲ್ಲಿ ಈಗಾಗಲೇ ಇದೆ. ಅವನು ಇಲ್ಲಿಗೆ ಬದಲಾಯಿಸಿಕೊಳ್ಳಬೇಕಾದರೆ ಅಲ್ಲಿ ತೆಗೆಸಿ ಬರಬೇಕೇ?

ಮತ್ತೊಬ್ಬನ ಮನೆ ಕೇರಳ ರಾಜ್ಯದಲ್ಲಿದೆ. ಬೇರೆ ರಾಜ್ಯದವರಿಗೂ ಇದೇ ನಿಯಮವೇ?

ನಾಲ್ಕನೆಯವನಿಗೆ ಇದೇ ಜುಲೈ 3ರಂದು 18 ತುಂಬಿದೆ. ಅವನು ಈಗ ಅರ್ಜಿ ಹಾಕಬಹುದೇ, ಅಥವಾ ಬರುವ ಜನವರಿವರೆಗೆ ಕಾಯಬೇಕೇ?

ಮತಗಟ್ಟೆ ಮಟ್ಟದ ಅಧಿಕಾರಿಯವರು ಪರಿಶೀಲನೆಗೆ ಬಂದಾಗ ನಾವು ತರಗತಿಯಲ್ಲಿ ಇರುತ್ತೇವೆ. ಸಂಜೆ 4.30ರ ನಂತರ ಹಾಸ್ಟೆಲಿನಲ್ಲಿ ಸಿಗುತ್ತೇವೆ."

ಕೊನೆಯ ಸಾಲು ಮಂಜೇಶ್ವರದವನ ಐಡಿಯಾ. ಇಡೀ ಕಾಗದದಲ್ಲಿ ಹೆಚ್ಚು ಕೆಲಸಕ್ಕೆ ಬಂದ ಸಾಲು ಅದೇ ಅಂತ ಆಮೇಲೆ ಗೊತ್ತಾಯ್ತು.

ತಾಲ್ಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಕಾಗದ ಕೊಟ್ಟು, ನಮ್ಮ ಪ್ರತಿಯ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಂಡು ಬಂದೆವು. ಹನ್ನೆರಡನೇ ದಿನ ಉತ್ತರ ಬಂತು, ಒಂದು ಪುಟ. 'ತಿಳಿಯಪಡಿಸಲಾಗಿದೆ', 'ಕ್ರಮ ವಹಿಸುವುದು' ಅನ್ನೋ ಭಾಷೆ. ಆದರೆ ಕೇಳಿದ್ದಕ್ಕೆಲ್ಲ ಉತ್ತರ ಇತ್ತು. ಅದನ್ನು ನಮ್ಮ ಮಾತಿನಲ್ಲಿ ಬಿಡಿಸಿ ಹೇಳ್ತೀವಿ.

ಸಿರ್ಸಿಯವನ ಪ್ರಶ್ನೆಯೇ ಎಲ್ಲದರ ಬುಡ. ಓದೋಕೆ ಅಂತ ಹಾಸ್ಟೆಲ್‌ನಲ್ಲೋ ಬಾಡಿಗೆ ರೂಮಿನಲ್ಲೋ ಇರುವ ವಿದ್ಯಾರ್ಥಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬಹುದು: ಅಪ್ಪ ಅಮ್ಮ ಇರುವ ಮನೆಯ ವಿಳಾಸ ಅಥವಾ ಈಗ ಇರುವ ವಿಳಾಸ. ಕೋರ್ಸು ಮಾನ್ಯತೆ ಇರುವಂಥದ್ದಾಗಿರಬೇಕು, ಕನಿಷ್ಠ ಒಂದು ವರ್ಷದ್ದಾಗಿರಬೇಕು. ಇದು ಚುನಾವಣಾ ಆಯೋಗ ವಿದ್ಯಾರ್ಥಿಗಳಿಗಾಗಿಯೇ ಕೊಟ್ಟಿರುವ ಸೂಚನೆ. ಅದರ ಹಿಂದಿನ ತರ್ಕ ಕಾಯ್ದೆಯಲ್ಲೇ ಇದೆ. ತಾತ್ಕಾಲಿಕವಾಗಿ ಮನೆ ಬಿಟ್ಟು ಹೋದ ಮಾತ್ರಕ್ಕೆ ಒಬ್ಬ ಅಲ್ಲಿಯ ಸಾಮಾನ್ಯ ನಿವಾಸಿ ಅಲ್ಲದೆ ಹೋಗೋದಿಲ್ಲ. ಆದ್ದರಿಂದ ಮನೆ ವಿಳಾಸ ಸರಿ. ಹಾಗೇ ಒಂದು ಕಡೆ ಸ್ವಂತ ಮನೆ ಇದೆ ಅನ್ನೋದೊಂದೇ ಕಾರಣಕ್ಕೆ ಅಲ್ಲಿಯ ನಿವಾಸಿ ಆಗಿಬಿಡೋದೂ ಇಲ್ಲ. ಕಾನೂನು ನೋಡೋದು ಗೋಡೆಯನ್ನಲ್ಲ, ವಾಸವನ್ನು. ನಾಲ್ಕು ವರ್ಷ ಉಣ್ಣೋದು ಮಲಗೋದು ಇಲ್ಲೇ ಆದ್ದರಿಂದ ಹಾಸ್ಟೆಲ್ ವಿಳಾಸವೂ ಸರಿ. ಎರಡೂ ಸರಿ, ಆದರೆ ಎರಡೂ ಒಟ್ಟಿಗೆ ಆಗಲ್ಲ. ಎರಡು ಕಡೆ ಹೆಸರು ಇರಕೂಡದು ಅಂತ ಕಾಯ್ದೆಯ 17ನೇ ಕಲಂ ಹೇಳುತ್ತೆ. ಫಾರಂನ ಕೊನೆಯಲ್ಲಿ 'ಬೇರೆ ಎಲ್ಲಿಯೂ ನನ್ನ ಹೆಸರು ಇಲ್ಲ' ಅಂತ ನಾವೇ ಘೋಷಣೆ ಮಾಡಿ ಸಹಿ ಹಾಕ್ತೀವಿ. ಸುಳ್ಳು ಅಂತ ಗೊತ್ತಿದ್ದೂ ಹಾಗೆ ಬರೆದುಕೊಟ್ಟರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಇನ್ನು ದಾಖಲೆ. ವಿಳಾಸಕ್ಕೆ ಸಾಮಾನ್ಯವಾಗಿ ಒಪ್ಪೋದು ನೀರು, ವಿದ್ಯುತ್, ಗ್ಯಾಸ್ ಬಿಲ್ಲು, ಆಧಾರ್, ಬ್ಯಾಂಕ್ ಅಥವಾ ಅಂಚೆ ಪಾಸ್‌ಬುಕ್, ಪಾಸ್‌ಪೋರ್ಟ್, ನೋಂದಾಯಿತ ಬಾಡಿಗೆ ಕರಾರು ಇಂಥವು. ಹಾಸ್ಟೆಲ್ ಹುಡುಗರ ಹತ್ತಿರ ಇದರಲ್ಲಿ ಒಂದೂ ಇಲ್ಲಿನ ವಿಳಾಸದಲ್ಲಿ ಇರಲ್ಲ. ಅದಕ್ಕೆ ಪರ್ಯಾಯ ಅಂದರೆ ಪ್ರಾಂಶುಪಾಲರು, ಡೀನ್ ಅಥವಾ ರಿಜಿಸ್ಟ್ರಾರ್ ಸಹಿ ಹಾಕಿದ ಬೋನಫೈಡ್ ಪ್ರಮಾಣಪತ್ರ. ಆಧಾರ್ ಅನ್ನು ಅಥವಾ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಹುಟ್ಟಿದ ದಿನಾಂಕಕ್ಕೆ ಮಾತ್ರ ಕೊಟ್ಟು, ವಿಳಾಸಕ್ಕೆ ಈ ಪತ್ರ ಕೊಡಬೇಕು.

ಹೇಳೋಕೆ ಸುಲಭ. ಕಾಲೇಜು ಆಫೀಸಿನ ಮೇಡಂ ಹತ್ತಿರ ಹೋದಾಗ ಅವರು ತಲೆ ಎತ್ತದೇ "ಬೋನಫೈಡಾ? ಬಸ್ ಪಾಸಿಗಾ ಸ್ಕಾಲರ್‌ಶಿಪ್ಪಿಗಾ?" ಅಂದರು. ಅವರ ಹತ್ತಿರ ಇದ್ದ ಮಾದರಿಯಲ್ಲಿ 'ಇವರು ನಮ್ಮ ಕಾಲೇಜಿನ ವಿದ್ಯಾರ್ಥಿ' ಅಂತ ಮಾತ್ರ ಇತ್ತು. ಆ ಪತ್ರದಿಂದ ಓದ್ತಾ ಇರೋದು ಗೊತ್ತಾಗುತ್ತೆ, ವಾಸ ಎಲ್ಲಿ ಅಂತ ಗೊತ್ತಾಗಲ್ಲ. ಅಂಥದ್ದನ್ನು ಹಚ್ಚಿದರೆ ಅರ್ಜಿ ಬಿದ್ದುಹೋಗೋ ಸಾಧ್ಯತೆ ಜಾಸ್ತಿ. ಬೇಕಾಗಿದ್ದು ಕೋರ್ಸಿನ ಹೆಸರು, ಅದರ ಅವಧಿ, ಹಾಸ್ಟೆಲಿನ ಪೂರ್ತಿ ವಿಳಾಸ ಮತ್ತು ರೂಮ್ ನಂಬರ್, ಯಾವ ತಿಂಗಳಿನಿಂದ ಅಲ್ಲಿ ವಾಸ. ಫಾರಂ 6ರಲ್ಲೂ 'ಈ ವಿಳಾಸದಲ್ಲಿ ಯಾವಾಗಿನಿಂದ' ಅಂತ ತಿಂಗಳು, ವರ್ಷ ಕೇಳ್ತಾರೆ. ಎರಡೂ ಕಡೆ ಒಂದೇ ತಿಂಗಳು ಇರಬೇಕು. ತಾಲ್ಲೂಕು ಕಚೇರಿಯ ಉತ್ತರ ತೋರಿಸಿದ ಮೇಲೆ ಮೇಡಂ ಓದಿ, "ಹೌದಲ್ಲ, ಇದುವರೆಗೆ ಯಾರೂ ಕೇಳೇ ಇಲ್ಲ" ಅಂದು ವಾರ್ಡನ್ ಹತ್ತಿರ ರಿಜಿಸ್ಟರ್ ತರಿಸಿ ಹೊಸ ಪತ್ರ ಟೈಪ್ ಮಾಡಿಸಿದರು. ಕಾಗದ ಬರೆದಿದ್ದು ಈ ಒಂದು ಗಳಿಗೆಗೆ ಅಂದರೂ ನಡೆಯುತ್ತೆ.

ಕೊಳ್ಳೇಗಾಲದವನ ಕಥೆ ಎರಡು ದಿನದ್ದು. ಮೊದಲು ಜನವರಿ 1 ಒಂದೇ ಅರ್ಹತಾ ದಿನಾಂಕ ಆಗಿತ್ತು. ಜನವರಿ 2ಕ್ಕೆ 18 ತುಂಬಿದವನು ಸುಮಾರು ಒಂದು ವರ್ಷ ಕಾಯಬೇಕಿತ್ತು. 2021ರಲ್ಲಿ ಆದ ತಿದ್ದುಪಡಿಯಿಂದ ಈಗ ನಾಲ್ಕು ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಇದು 2022ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಇವನಿಗೆ 18 ಆಗಿದ್ದು ಜುಲೈ 3ಕ್ಕೆ. ಜುಲೈ 1ರ ಗೆರೆ ಎರಡು ದಿನದಲ್ಲಿ ತಪ್ಪಿತು. ಆಗಸ್ಟಿನಲ್ಲಿ ಅವನಿಗೆ 18 ಆಗಿದೆ ನಿಜ, ಆದರೆ ಪಟ್ಟಿಯ ಲೆಕ್ಕದಲ್ಲಿ ಇನ್ನೂ ಆಗಿಲ್ಲ. ಆದರೂ ಫಾರಂ ಕೊಡೋಕೆ ಅಕ್ಟೋಬರ್ ತನಕ ಕಾಯಬೇಕಿಲ್ಲ. ಮುಂಚಿತವಾಗಿ ಅರ್ಜಿ ಹಾಕೋ ಅವಕಾಶ 17 ದಾಟಿದವರಿಗೂ ಇದೆ. ಅದನ್ನು ಇಟ್ಟುಕೊಂಡು ಆ ಮೂರು ತಿಂಗಳ ಸರದಿ ಬಂದಾಗ ತೀರ್ಮಾನ ಮಾಡ್ತಾರೆ.

ಎರಡು ದಿನ ಅಂತ ನಗಬಹುದು. ಆದರೆ ಇಂಥ ಲೆಕ್ಕ ಚುನಾವಣೆ ಹತ್ತಿರ ಬಂದಾಗ ನಗು ತರಿಸಲ್ಲ. 2024ರ ಲೋಕಸಭಾ ಚುನಾವಣೆಯನ್ನೇ ತಗೊಳ್ಳಿ. ನಮ್ಮ ಕಾಲೇಜು ಇರುವ ಭಾಗದಲ್ಲಿ ಮತದಾನ ನಡೆದಿದ್ದು ಏಪ್ರಿಲ್ 26ಕ್ಕೆ. ಸಾಕಷ್ಟು ಸಮಯ ಇದೆ ಅನ್ನಿಸುತ್ತೆ. ಆದರೆ ಕಾನೂನಿನ ಪ್ರಕಾರ ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆಗೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಆ ಸಲ ಅದು ಏಪ್ರಿಲ್ 4. ಅರ್ಜಿ ಬಂದ ಮೇಲೆ ಆಕ್ಷೇಪಣೆಗೆ ಏಳು ದಿನ ಬಿಡಬೇಕು. ಅದನ್ನು ಕಳೆದರೆ ಮಾರ್ಚ್ 28. ಮನೆ ಪರಿಶೀಲನೆಗೆ ಎರಡು ಮೂರು ದಿನ ಅಂತ ಇಟ್ಟರೆ ಮಾರ್ಚ್ 25. ಅಂದರೆ ಮತದಾನಕ್ಕೆ ಒಂದು ತಿಂಗಳು ಇರುವಾಗಲೇ ಬಾಗಿಲು ಮುಚ್ಚಿರುತ್ತೆ. ಊರೆಲ್ಲ ಮೈಕು ಕೂಗೋಕೆ ಶುರುವಾದ ಮೇಲೆ ಫಾರಂ ತುಂಬೋಕೆ ಹೋದ ನಮ್ಮ ಒಬ್ಬ ಸೀನಿಯರ್‌ಗೆ ಬೆರಳಿಗೆ ಮಸಿ ಹತ್ತದೇ ಇದ್ದಿದ್ದು ಹೀಗೆ.

ಮಂಜೇಶ್ವರದವನಿಗೆ ಉತ್ತರ ಚಿಕ್ಕದು: ಯಾವ ರಾಜ್ಯದವರಾದರೂ ನಿಯಮ ಒಂದೇ, ಬೇಕಾದರೆ ಇಲ್ಲಿ ಸೇರಬಹುದು. ಆದರೆ ಅವನಿಗೆ ಇದು ಕ್ಷೇತ್ರ ಬದಲಾಯಿಸೋ ಪ್ರಶ್ನೆ ಮಾತ್ರ ಅಲ್ಲ, ಯಾವ ರಾಜ್ಯದ ವಿಧಾನಸಭೆಗೆ ವೋಟು ಹಾಕೋದು ಅನ್ನೋ ಪ್ರಶ್ನೆ. "ಇಲ್ಲಿ ಕನ್ನಡಕ್ಕೆ ನನ್ನ ಒಂದು ವೋಟು ಬೇಕಾ ಮಾರಾಯ? ಅಲ್ಲಿ ಬೇಕು" ಅಂದ. ಅವನೂರಿನ ಕನ್ನಡ ಶಾಲೆಯ ವಿಷಯ ತಿರುವನಂತಪುರದಲ್ಲಿ ತೀರ್ಮಾನ ಆಗೋದು, ಬೆಂಗಳೂರಿನಲ್ಲಿ ಅಲ್ಲ. ಅವನು ಅದೇ ವೆಬ್‌ಸೈಟಿನಲ್ಲಿ ಮಂಜೇಶ್ವರ ಕ್ಷೇತ್ರ ಆರಿಸಿ ಫಾರಂ 6 ಹಾಕಿದ. ಮನೆಯಲ್ಲಿ ಈಗಾಗಲೇ ಪಟ್ಟಿಯಲ್ಲಿರುವ ಒಬ್ಬರ ಎಪಿಕ್ ಸಂಖ್ಯೆ ಕೇಳ್ತಾರೆ, ಅಮ್ಮನದು ಕೊಟ್ಟ. ಎಪಿಕ್ ಅಂದರೆ ವೋಟರ್ ಕಾರ್ಡಿನ ಮೇಲಿರೋ ನಂಬರ್. ಅದು ಕೊಟ್ಟರೆ ಅದೇ ಮನೆಯವರ ಜೊತೆಗೆ ಅದೇ ಭಾಗದಲ್ಲಿ ಸೇರಿಸೋದು ಅವರಿಗೆ ಸುಲಭ.

ಬೀದರಿನವನದು ಕಷ್ಟ. ಅವನಿಗೆ ಗೊತ್ತಿಲ್ಲದೇ ಅವನ ಅಪ್ಪ ಹೋದ ವರ್ಷವೇ ಊರಿನಲ್ಲಿ ಹೆಸರು ಸೇರಿಸಿದ್ದರು. ವೆಬ್‌ಸೈಟಿನಲ್ಲಿ ಹೆಸರು, ಹುಟ್ಟಿದ ದಿನಾಂಕ ಹಾಕಿ ಹುಡುಕಿದಾಗ ಸಿಕ್ಕಿತು. ಇಂಥವರು ಫಾರಂ 6 ಹಾಕಲೇಬಾರದು. ಹಾಕಿದರೆ ಮೇಲೆ ಹೇಳಿದ ಘೋಷಣೆ ಸುಳ್ಳಾಗುತ್ತೆ. ಅವರಿಗೆ ಇರೋದು ಫಾರಂ 8, ವಾಸಸ್ಥಳ ಬದಲಾವಣೆಗೆ. ಹೊಸ ಜಾಗದ ಕಚೇರಿಗೆ ಹಾಕಿದರೆ ಸಾಕು, ಹಳೆ ಜಾಗಕ್ಕೆ ಹೋಗಿ ತೆಗೆಸಿ ಬರಬೇಕಿಲ್ಲ. ಎಪಿಕ್ ಸಂಖ್ಯೆಯೂ ಬದಲಾಗಲ್ಲ. ಹಾಗಾಗಿ ನಾವು ಫಾರಂ ಮುಟ್ಟೋಕೆ ಮೊದಲು ಪಟ್ಟಿಯಲ್ಲಿ ಹುಡುಕೋದು ಅಂತ ನಮ್ಮ ಫ್ಲೋರಿನವರಿಗೆಲ್ಲ ಹೇಳಿದ್ದೀವಿ.

ಕಷ್ಟ ಇರೋದು ಫಾರಂನಲ್ಲಿ ಅಲ್ಲ. 2024ರಲ್ಲಿ ಇಲ್ಲಿ ಏಪ್ರಿಲ್ 26ಕ್ಕೆ ಮತದಾನ ಆದರೆ ಬೀದರಿನಲ್ಲಿ ಮೇ 7ಕ್ಕೆ. ಕಾಲೇಜಿಗೆ ರಜೆ ಸಿಗೋದು ಇಲ್ಲಿ ಮತದಾನ ಇದ್ದ ದಿನ. ಅಲ್ಲಿ ಮತದಾನ ಇದ್ದ ದಿನ ಇಲ್ಲಿ ಕ್ಲಾಸು. ಬಸ್ಸು ರೈಲು ಸೇರಿ ಹದಿನೈದು ಗಂಟೆಗೂ ಮೇಲಿನ ದಾರಿ. ವಿದ್ಯಾರ್ಥಿಗಳಿಗೆ ಅಂಚೆ ಮತಪತ್ರದ ಸೌಲಭ್ಯ ಇಲ್ಲ. ಊರಿನ ಪಟ್ಟಿಯಲ್ಲಿ ಹೆಸರು ಇದ್ದೂ ವೋಟು ಹಾಕೋಕೆ ಆಗದೇ ಹೋಗಬಹುದು. ಹಾಗಂತ ಅವನು ಫೋನಿನಲ್ಲಿ ಫಾರಂ 8ರ ವಿಷಯ ಎತ್ತಿದಾಗ ಅವನ ಅಪ್ಪ ಕೇಳಿದ್ದು ಒಂದೇ ಮಾತು: "ಯಾಕಪ್ಪಾ, ಊರು ಬ್ಯಾಡ ಆಯ್ತೇನು?" ಸ್ಪೀಕರ್ ಆನ್ ಇತ್ತು. ನಾವ್ಯಾರೂ ಮಾತಾಡಲಿಲ್ಲ.

ಇನ್ನೊಂದು ವಿಷಯಕ್ಕೆ ನಮ್ಮಲ್ಲೇ ಜಗಳ ಆಯ್ತು. ಗ್ರಾಮ ಪಂಚಾಯತಿ ಚುನಾವಣೆಗೂ ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರ. ನಮ್ಮ ಕರ್ನಾಟಕದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಪಂಚಾಯತಿ ಸದಸ್ಯ. ಒಂದು ಹಾಸ್ಟೆಲಿನವರೆಲ್ಲ ಇಲ್ಲಿ ಹೆಸರು ಸೇರಿಸಿದರೆ ಮೆಸ್ಸಿನ ಅಕ್ಕನ ಬೀದಿಗೆ ಯಾರು ಸದಸ್ಯರಾಗಬೇಕು ಅಂತ ತೀರ್ಮಾನ ಮಾಡೋದು ಮೂರು ವರ್ಷದಲ್ಲಿ ಬಿಟ್ಟು ಹೋಗುವ ನಾವು. ಇದು ನ್ಯಾಯನಾ ಅಂತ ಕೊಳ್ಳೇಗಾಲದವನು. ಗೇಟಿನ ಮುಂದಿನ ಚರಂಡಿ, ಬೀದಿ ದೀಪ, ಕುಡಿಯೋ ನೀರು ನಮಗೂ ಸೇರಿದ್ದಲ್ವಾ, ನಾವು ಹೋದರೂ ಹಾಸ್ಟೆಲ್ ಇರುತ್ತಲ್ವಾ, ಮುಂದಿನ ಬ್ಯಾಚ್ ಬರುತ್ತಲ್ವಾ ಅಂತ ಸಿರ್ಸಿಯವನು. ಇಬ್ಬರೂ ಸರಿ ಅನ್ನಿಸುತ್ತೆ. ಕೊಳ್ಳೇಗಾಲದವನು ಎರಡು ವಾರಕ್ಕೊಮ್ಮೆ ಮನೆಗೆ ಹೋಗ್ತಾನೆ. ಅವನು ಮನೆ ವಿಳಾಸಕ್ಕೇ ಅರ್ಜಿ ಹಾಕಿದ. ಸಿರ್ಸಿಯವನು ವರ್ಷಕ್ಕೆ ಎರಡು ಸಲ ಹೋಗ್ತಾನೆ. ಅವನು ಹಾಸ್ಟೆಲ್ ವಿಳಾಸಕ್ಕೆ ಹಾಕಿದ. ನಮ್ಮ ಅಭಿಪ್ರಾಯ ಕೇಳಿದರೆ, ಇದನ್ನು ಅಳೆಯೋಕೆ ಬಸ್ ಟಿಕೆಟ್ಟಿಗಿಂತ ಒಳ್ಳೆಯ ಅಳತೆ ನಮಗೆ ಸಿಗಲಿಲ್ಲ.

ಫಾರಂ ತುಂಬೋವಾಗ ಕನ್ನಡ ಕ್ಲಬ್ಬಿನವರು ಗಮನಿಸಬೇಕಾದ ಒಂದು ಮಾತು. ಹೆಸರನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಪಕ್ಕದಲ್ಲಿ ಕನ್ನಡ ರೂಪ ತಾನಾಗಿ ಬರುತ್ತೆ. ಇಂಗ್ಲಿಷಿನ l ಅಕ್ಷರಕ್ಕೆ ಅದು 'ಲ'ವೋ 'ಳ'ವೋ ಅಂತ ಗೊತ್ತಿರಲ್ಲ, n ನೋಡಿದರೆ 'ನ'ವೋ 'ಣ'ವೋ ಗೊತ್ತಾಗಲ್ಲ, ದೀರ್ಘ ಹ್ರಸ್ವದ ಕಥೆ ಕೇಳಲೇಬೇಡಿ. ಅದನ್ನು ಅಲ್ಲೇ ತಿದ್ದಬಹುದು. ತಿದ್ದದೇ ಬಿಟ್ಟರೆ ಕಾರ್ಡಿನಲ್ಲಿ ಹಾಗೇ ಅಚ್ಚಾಗುತ್ತೆ, ಆಮೇಲೆ ತಿದ್ದುಪಡಿಗೂ ಫಾರಂ 8. ಸಿರ್ಸಿಯವನ ಮನೆತನದ ಹೆಸರು ಅರ್ಧವೇ ಬಂದಿತ್ತು, ಸರಿ ಮಾಡಿದೆವು.

ಅರ್ಜಿ ಸಲ್ಲಿಸಿದ ಮೇಲೆ ಒಂದು ಉಲ್ಲೇಖ ಸಂಖ್ಯೆ ಕೊಡ್ತಾರೆ, ಅದರಿಂದ ಅರ್ಜಿ ಎಲ್ಲಿಗೆ ಬಂತು ಅಂತ ನೋಡಬಹುದು. ಹಾಸ್ಟೆಲ್ ಅರ್ಜಿಗಳು ಹೆಚ್ಚಾಗಿ ಬೀಳೋದು ಮುಂದಿನ ಹಂತದಲ್ಲಿ. ಮತಗಟ್ಟೆ ಮಟ್ಟದ ಅಧಿಕಾರಿ, ಎಲ್ಲರ ಬಾಯಲ್ಲಿ ಬಿಎಲ್‌ಒ, ವಿಳಾಸಕ್ಕೆ ಬಂದು ನೋಡಬೇಕು. ಹಗಲು ಹನ್ನೊಂದಕ್ಕೆ ಬಂದರೆ ಹಾಸ್ಟೆಲ್‌ನಲ್ಲಿ ಇರೋದು ವಾಚ್‌ಮನ್ ಮತ್ತು ನಾಯಿ. 'ವಿಳಾಸದಲ್ಲಿ ಕಂಡುಬಂದಿಲ್ಲ' ಅಂತ ವರದಿ ಹೋದರೆ ಅರ್ಜಿ ಅಲ್ಲಿಗೆ ಮುಗಿಯಬಹುದು. ತಿರಸ್ಕಾರ ಆದರೆ ಹದಿನೈದು ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಹಾಕೋ ಹಕ್ಕು ಇದೆ. ಆದರೆ ಅಷ್ಟು ದೂರ ಹೋಗೋದಕ್ಕಿಂತ ಸಂಜೆ ರೂಮಿನಲ್ಲಿ ಸಿಗೋದು ಸುಲಭ.

ನಮ್ಮ ಬಿಎಲ್‌ಒ ಪಕ್ಕದ ಹಳ್ಳಿಯ ಪ್ರೈಮರಿ ಶಾಲೆಯ ಟೀಚರ್. ಕಾಗದದ ಕೊನೆಯ ಸಾಲನ್ನು ಕಚೇರಿಯವರು ಅವರಿಗೆ ಮುಟ್ಟಿಸಿದ್ದರು. ಶಾಲೆ ಮುಗಿಸಿ ಸ್ಕೂಟರಿನಲ್ಲಿ ಐದು ಗಂಟೆಗೆ ಬಂದರು. ಸಿರ್ಸಿಯವನ ಮುಖ, ಫೋಟೋ, ಬೋನಫೈಡ್ ನೋಡಿದರು, ವಾರ್ಡನ್ ರಿಜಿಸ್ಟರಿನಲ್ಲಿ ಹೆಸರು ಹುಡುಕಿ ತಾಳೆ ನೋಡಿದರು. ವಾರ್ಡನ್ ಸರ್ ತರಿಸಿದ ಟೀ ಕುಡೀತಾ ಮೇಡಂ ತಮ್ಮ ಚೀಲದಿಂದ ಪಟ್ಟಿ ತೆಗೆದು ತೋರಿಸಿದರು.

"ನೋಡಿ, ಇದೇ ಹಾಸ್ಟೆಲ್ ವಿಳಾಸದಲ್ಲಿ ಏಳು ಹೆಸರಿವೆ. ಎಲ್ರೂ ಪಾಸಾಗಿ ಹೋಗಿದ್ದಾರೆ. ಫೋನ್ ಮಾಡಿದ್ರೆ ಒಬ್ರು ಹೈದ್ರಾಬಾದು, ಒಬ್ರು ಪುಣೆ, ಉಳಿದೋರ ನಂಬರೇ ಇಲ್ಲ. ಇವ್ರ ಹೆಸ್ರು ತೆಗೀಬೇಕಾದ್ರೆ ನಾನು ನೋಟಿಸ್ ಹಚ್ಚಬೇಕು, ವರದಿ ಕೊಡಬೇಕು. ಸುಮ್ನೆ ಗೆರೆ ಎಳೆಯೋಕೆ ಬರಲ್ಲ."

ಆಮೇಲೆ ಸಿರ್ಸಿಯವನ ಕಡೆ ತಿರುಗಿ, "ನೀವು ಕೋರ್ಸ್ ಮುಗಿಸಿ ಹೋಗೋವಾಗ ಹೋದ ಊರಿಂದ ಫಾರಂ 8 ಹಾಕ್ತೀರೇನಪ್ಪಾ?" ಅಂದರು.

"ಹಾಕ್ತೀನಿ ಮೇಡಂ."

"ಆ ಏಳು ಜನಾನೂ ಹಂಗೇ ಅಂದಿದ್ರಂತೆ," ಅಂತ ನಕ್ಕು ಫಾರಂ ಮೇಲೆ ಸಹಿ ಹಾಕಿದರು.

ಏಳು ದಿನದ ಆಕ್ಷೇಪಣೆ ಅವಧಿಯಲ್ಲಿ ಯಾರೂ ಏನೂ ಹೇಳಲಿಲ್ಲ. ಈಗ ಸಿರ್ಸಿಯವನ ಹೆಸರು ಮೆಸ್ಸಿನ ಅಕ್ಕನ ಭಾಗದಲ್ಲೇ ಇದೆ, ಕಾರ್ಡು ಅಂಚೆಯಲ್ಲಿ ಬರಬೇಕು. ಕೊಳ್ಳೇಗಾಲದವನ ಅರ್ಜಿ ಅಕ್ಟೋಬರ್ 1ಕ್ಕೆ ಕಾಯ್ತಾ ಇದೆ. ಮಂಜೇಶ್ವರದಲ್ಲಿ ಬಿಎಲ್‌ಒ ಮನೆಗೆ ಬಂದು ಹೋದರು ಅಂತ ಅಮ್ಮ ಫೋನ್ ಮಾಡಿದ್ದರು. ಬೀದರಿನವನ ಲ್ಯಾಪ್‌ಟಾಪಿನಲ್ಲಿ ಫಾರಂ 8 ಅರ್ಧ ತುಂಬಿದ ಹಾಗೇ ಇದೆ. ದೀಪಾವಳಿಗೆ ಊರಿಗೆ ಹೋಗಿ ಅಪ್ಪನ ಹತ್ತಿರ ಕೂತು ಮಾತಾಡಿ ಬರ್ತೀನಿ ಅಂದಿದ್ದಾನೆ.